ಕೂತು ಉಂಡವರು 8, ಪಾರ್ಸೆಲ್ ಒಯ್ದವರು 7: ಈ ಒಂದು ಅಂಕವನ್ನು ಎಷ್ಟು ನಂಬಬಹುದು?

ಕಾರವಾರದ ಮೀನು ಮಾರುಕಟ್ಟೆಯ ಆಸುಪಾಸಿನಲ್ಲಿ ಒಂದು ಖಾನಾವಳಿ ಇದೆ ಅಂದುಕೊಳ್ಳಿ. ಮಧ್ಯಾಹ್ನದ ಹೊತ್ತಿಗೆ ಅರ್ಧದಷ್ಟು ಗಿರಾಕಿಗಳು ಅಲ್ಲೇ ಕೂತು ಅನ್ನ, ಬಂಗುಡೆ ಸಾರು, ರವೆ ಹಚ್ಚಿ ಹುರಿದ ಮೀನು, ಕೊನೆಗೆ ಸೋಲ್ ಕಡಿ ಕುಡಿದು ಏಳುತ್ತಾರೆ. ಉಳಿದವರು ಪಾರ್ಸೆಲ್ ಕಟ್ಟಿಸಿಕೊಂಡು ಕಚೇರಿಗೋ ಮನೆಗೋ ಒಯ್ಯುತ್ತಾರೆ. ಖಾನಾವಳಿ ನಡೆಸುವ ಅಕ್ಕನಿಗೆ ಒಂದು ಗುಮಾನಿ: ಪಾರ್ಸೆಲ್‌ನವರು ಕೂತು ಉಣ್ಣುವವರಷ್ಟು ಖುಷಿಯಾಗಿಲ್ಲ. ಹುರಿದ ಮೀನು ಡಬ್ಬದೊಳಗಿನ ಹಬೆಗೆ ಮೆತ್ತಗಾಗುತ್ತದೆ ಎಂಬುದು ಅವಳ ಲೆಕ್ಕ. ಒಂದು ದಿನ ಸಿಕ್ಕ ಗಿರಾಕಿಗಳನ್ನು ಕೇಳಿಯೇ ಬಿಟ್ಟಳು, ಹತ್ತಕ್ಕೆ ಎಷ್ಟು ಅಂಕ ಕೊಡುತ್ತೀರಿ ಎಂದು. (ಇಲ್ಲಿಯ ಖಾನಾವಳಿಯೂ ಅಂಕಿಗಳೂ ವಿವರಿಸಲು ಅನುಕೂಲವಾಗಲೆಂದು ನಾನೇ ಕಟ್ಟಿಕೊಂಡವು. ಕ್ಯಾಲ್ಕುಲೇಟರ್ ಹಿಡಿದು ಕೂತರೆ ನಿಮಗೂ ಇದೇ ಉತ್ತರ ಬರಬೇಕು.)

ಕೂತು ಉಂಡ 12 ಜನ ಕೊಟ್ಟದ್ದು 8, 9, 7, 8, 6, 9, 8, 7, 10, 8, 7, 9. ಸರಾಸರಿ ಸರಿಯಾಗಿ 8. ಪಾರ್ಸೆಲ್ ಒಯ್ದ 10 ಜನ ಕೊಟ್ಟದ್ದು 7, 5, 9, 6, 8, 4, 7, 8, 9, 7. ಸರಾಸರಿ 7. ಒಂದು ಅಂಕದ ಅಂತರ. ಗುಮಾನಿ ನಿಜವಾಯಿತು, ನಾಳೆಯೇ ಹೊಸ ಡಬ್ಬ ತರಿಸೋಣ ಎಂದು ಅನ್ನಿಸುವುದು ಸಹಜ.

ಆದರೆ ಅಕ್ಕನಿಗೆ ಬೇಕಾಗಿರುವುದು ಆ ದಿನ ಸಿಕ್ಕ 22 ಜನರ ಸುದ್ದಿಯಲ್ಲ, ವರ್ಷವಿಡೀ ಬಂದುಹೋಗುವ ಎಲ್ಲ ಗಿರಾಕಿಗಳ ಸುದ್ದಿ. ನಾಳೆ ಬೇರೆ 22 ಜನರನ್ನು ಕೇಳಿದ್ದರೆ ಈ ಅಂತರ ಉಳಿಯುತ್ತಿತ್ತೇ? ಪಾರ್ಸೆಲ್‌ನವರಲ್ಲಿ 4 ಕೊಟ್ಟ ಒಬ್ಬ ಅವತ್ತು ಬಾರದೆ, ಅವನ ಬದಲು 9 ಕೊಡುವ ಇನ್ನೊಬ್ಬ ಬಂದಿದ್ದರೆ ಆ ಗುಂಪಿನ ಸರಾಸರಿ 7.5ಕ್ಕೆ ಏರುತ್ತಿತ್ತು. ಒಬ್ಬನೇ ಗಿರಾಕಿ ಅರ್ಧ ಅಂಕ ಅಲ್ಲಾಡಿಸುವ ಕಡೆ ಒಂದು ಅಂಕದ ಅಂತರವನ್ನು ಎಷ್ಟು ನಂಬಬೇಕು? ಟಿ-ಟೆಸ್ಟ್ ಎಂಬ ಸಂಖ್ಯಾಶಾಸ್ತ್ರದ ಪರೀಕ್ಷೆ ಉತ್ತರಿಸುವುದು ಈ ಪ್ರಶ್ನೆಗೆ ಮಾತ್ರ.

ಅದು ಮಾಡುವ ಕೆಲಸ ಬಲು ಸರಳ. ಎರಡು ಸರಾಸರಿಗಳ ಅಂತರ ಎಷ್ಟು ಎಂದು ನೋಡುತ್ತದೆ, ಆ ಅಂತರ ತನ್ನಷ್ಟಕ್ಕೇ ಎಷ್ಟು ಅಲ್ಲಾಡಬಹುದು ಎಂದು ಲೆಕ್ಕ ಹಾಕುತ್ತದೆ, ಮೊದಲನೆಯದನ್ನು ಎರಡನೆಯದರಿಂದ ಭಾಗಿಸುತ್ತದೆ. ಟಾಗೋರ್ ಕಡಲತೀರದಲ್ಲಿ ನಿಂತು ನೀರು ಒಂದು ಅಡಿ ಏರಿದೆಯೇ ಎಂದು ಹೇಳಬೇಕಾಗಿದೆ ಅನ್ನಿ. ಕಡಲು ಶಾಂತವಾಗಿದ್ದರೆ ಒಂದು ಅಡಿಯ ಏರಿಕೆ ಕಣ್ಣಿಗೇ ಕಾಣುತ್ತದೆ. ಆಷಾಢದ ಕಡಲಿನಲ್ಲಿ, ಅಲೆಗಳೇ ಆಳೆತ್ತರ ಏಳುವಾಗ, ಅದೇ ಒಂದು ಅಡಿ ಗೊತ್ತೇ ಆಗುವುದಿಲ್ಲ. ಅಂತರ ದೊಡ್ಡದೋ ಸಣ್ಣದೋ ಎಂಬುದು ಅಂತರವೊಂದನ್ನೇ ನೋಡಿದರೆ ತಿಳಿಯದು, ಅಲೆ ಎಷ್ಟಿದೆ ಎಂದೂ ನೋಡಬೇಕು.

ಅಲೆಯನ್ನು ಅಳೆಯುವುದು ಹೀಗೆ. ಗುಂಪಿನ ಪ್ರತಿಯೊಬ್ಬನ ಅಂಕ ಸರಾಸರಿಯಿಂದ ಎಷ್ಟು ದೂರ ಇದೆ ಎಂದು ನೋಡಿ, ಆ ದೂರವನ್ನು ವರ್ಗ ಮಾಡಿ, ಎಲ್ಲವನ್ನೂ ಕೂಡಿಸಿ, ಜನರ ಸಂಖ್ಯೆಯಲ್ಲಿ ಒಂದು ಕಳೆದು ಅದರಿಂದ ಭಾಗಿಸಬೇಕು. ಇದಕ್ಕೆ ವೇರಿಯನ್ಸ್ ಎನ್ನುತ್ತಾರೆ. ಕೂತು ಉಂಡವರಲ್ಲಿ ವರ್ಗಗಳ ಮೊತ್ತ 14, ಅದನ್ನು 11ರಿಂದ ಭಾಗಿಸಿದರೆ 1.27. ಪಾರ್ಸೆಲ್‌ನವರಲ್ಲಿ ಮೊತ್ತ 24, ಭಾಗಿಸಬೇಕಾದದ್ದು 9ರಿಂದ, ಉತ್ತರ 2.67. ಪಾರ್ಸೆಲ್‌ನವರ ಅಂಕಗಳು ದುಪ್ಪಟ್ಟು ಹರಡಿಕೊಂಡಿವೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈಗ ಪ್ರತಿ ವೇರಿಯನ್ಸನ್ನು ಆ ಗುಂಪಿನ ಜನಸಂಖ್ಯೆಯಿಂದ ಭಾಗಿಸಿ, ಎರಡನ್ನೂ ಕೂಡಿಸಿ, ವರ್ಗಮೂಲ ತೆಗೆಯಬೇಕು:

```
√(1.27/12 + 2.67/10) = 0.61
t = (8 − 7) / 0.61 = 1.64
```

ಈ 0.61ಕ್ಕೆ ಸ್ಟ್ಯಾಂಡರ್ಡ್ ಎರರ್ ಎಂದು ಹೆಸರು. ನಮ್ಮ ಒಂದು ಅಂಕದ ಅಂತರ ಸುಮ್ಮನೆ ಸಿಕ್ಕವರ ಅದೃಷ್ಟದ ಮೇಲೆ ಸಾಮಾನ್ಯವಾಗಿ ಎಷ್ಟು ಆಚೀಚೆ ಆಗಬಹುದು ಎಂಬುದರ ಅಳತೆ ಅದು. ನಮ್ಮ ಅಂತರ ಈ ಅಲ್ಲಾಟದ ಒಂದೂವರೆ ಪಟ್ಟಿಗಿಂತ ಸ್ವಲ್ಪ ಹೆಚ್ಚು, ಅಷ್ಟೆ. ಜನ ಹೆಚ್ಚಾದಷ್ಟೂ ಕೆಳಗಿನ ಸಂಖ್ಯೆ ಕುಗ್ಗುತ್ತದೆ, ಟಿ ಹಿಗ್ಗುತ್ತದೆ. ಸೂತ್ರದಲ್ಲಿರುವುದು ಇಷ್ಟೇ.

ಸಣ್ಣ ಗುಂಪುಗಳಿದ್ದಾಗ ಇದರಲ್ಲಿ ಒಂದು ತೊಡಕಿದೆ. ಹತ್ತೇ ಜನರನ್ನು ಕೇಳಿ ಕಟ್ಟಿದ ಹರವಿನ ಅಂದಾಜೇ ಅಷ್ಟೊಂದು ಗಟ್ಟಿಯಲ್ಲ. ಈ ತೊಡಕನ್ನು ಬಿಡಿಸಿದವರು ಡಬ್ಲಿನ್‌ನ ಗಿನ್ನೆಸ್ ಬಿಯರ್ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ವಿಲಿಯಂ ಗೊಸೆಟ್. 1908ರಲ್ಲಿ 'ಸ್ಟೂಡೆಂಟ್' ಎಂಬ ಗುಪ್ತನಾಮದಲ್ಲಿ ಪ್ರಕಟಿಸಿದರು, ಆದ್ದರಿಂದಲೇ ಇವತ್ತಿಗೂ ಸ್ಟೂಡೆಂಟ್ಸ್ ಟಿ-ಟೆಸ್ಟ್ ಎಂಬ ಹೆಸರು. ಆ ಹಳೆಯ ರೂಪ ಎರಡೂ ಗುಂಪುಗಳ ಹರವು ಒಂದೇ ಎಂದು ಹಿಡಿದು ನಡೆಯುತ್ತದೆ. ನಮ್ಮಲ್ಲಿ ಒಂದರ ಹರವು ಇನ್ನೊಂದರ ದುಪ್ಪಟ್ಟು. ಹರವು ಬೇರೆ ಬೇರೆ ಇದ್ದರೂ ನಡೆಯುವ ರೂಪವನ್ನು 1947ರಲ್ಲಿ ಬ್ರಿಟಿಷ್ ಸಂಖ್ಯಾಶಾಸ್ತ್ರಜ್ಞ ವೆಲ್ಚ್ ಕೊಟ್ಟರು, ನಾನು ಮೇಲೆ ಮಾಡಿದ್ದೂ ಅದನ್ನೇ. ಗಿರಾಕಿಗಳ ತೃಪ್ತಿಯ ಅಂಕಗಳಿಗೆ ಯಾವಾಗಲೂ ವೆಲ್ಚ್ ರೂಪವನ್ನೇ ಬಳಸಿ ಎಂಬುದು ನನ್ನ ಅಭಿಪ್ರಾಯ. ಹರವು ಒಂದೇ ಇದ್ದರೂ ಅದರಿಂದ ಕಳೆದುಕೊಳ್ಳುವುದು ಅತ್ಯಲ್ಪ.

ಸ್ಪ್ರೆಡ್‌ಶೀಟ್‌ನಲ್ಲಿ ಒಂದು ಕಾಲಮ್‌ನಲ್ಲಿ ಕೂತು ಉಂಡವರನ್ನೂ ಪಕ್ಕದ್ದರಲ್ಲಿ ಪಾರ್ಸೆಲ್‌ನವರನ್ನೂ ಬರೆದು ಈ ಸಾಲು ಹಾಕಿದರೆ ಸಾಕು:

```
=T.TEST(A2:A13, B2:B11, 2, 3)
```

ಕೊನೆಯ 3 ಎಂದರೆ ವೆಲ್ಚ್ ರೂಪ. ಅದರ ಹಿಂದಿನ 2 ಎಂದರೆ ಅಂತರ ಯಾವ ದಿಕ್ಕಿಗಿದ್ದರೂ ಲೆಕ್ಕಕ್ಕೆ ತೆಗೆದುಕೋ ಎಂದು. ಪಾರ್ಸೆಲ್‌ನವರೇ ಹೆಚ್ಚು ಖುಷಿಯಾಗಿರುವ ಸಾಧ್ಯತೆಯನ್ನು ಮೊದಲೇ ತಳ್ಳಿಹಾಕಲು ನಮಗೆ ಕಾರಣವಿಲ್ಲವಲ್ಲ. ಈ ಸಾಲು ಟಿ-ಯನ್ನು ತೋರಿಸುವುದಿಲ್ಲ, ನೇರ ಪಿ ಮೌಲ್ಯವನ್ನೇ ಕೊಡುತ್ತದೆ. ನಮ್ಮ ಅಂಕಿಗಳಿಗೆ ಅದು ಸುಮಾರು 0.12.

ಜನ ಎಡವುವುದು ಇಲ್ಲಿ. 0.12 ಹೇಳುವುದು ಇದು: ಎರಡು ಬಗೆಯ ಗಿರಾಕಿಗಳ ತೃಪ್ತಿಯಲ್ಲಿ ನಿಜಕ್ಕೂ ಯಾವ ವ್ಯತ್ಯಾಸವೂ ಇಲ್ಲದಿದ್ದರೂ, ಇಷ್ಟೇ ಜನರನ್ನು ಕೇಳುವ ಇಂಥ ಸಮೀಕ್ಷೆಯನ್ನು 100 ಸಲ ಮಾಡಿದರೆ ಸುಮಾರು 12 ಸಲ ಇಷ್ಟು ದೊಡ್ಡ ಅಥವಾ ಇನ್ನೂ ದೊಡ್ಡ ಅಂತರ ಕಾಣಿಸಿಕೊಳ್ಳುತ್ತಿತ್ತು. ಹಾಗಾಗಿ ಈ ಅಂತರ ಬರೀ ಅದೃಷ್ಟದಾಟ ಆಗಿರಲಾರದು ಎಂದು ಹೇಳುವ ಧೈರ್ಯ ಬರುವುದಿಲ್ಲ. ಸಾಮಾನ್ಯವಾಗಿ 100ಕ್ಕೆ 5ಕ್ಕಿಂತ ಕಡಿಮೆ ಬಂದರೆ ಆ ಧೈರ್ಯ ಮಾಡುತ್ತಾರೆ. ಅದು ರೂಢಿಯಿಂದ ಬಂದ ಗೆರೆ, ಪ್ರಕೃತಿ ಎಳೆದದ್ದಲ್ಲ.

ಆದರೆ 0.12 ಎಂದರೆ 'ವ್ಯತ್ಯಾಸ ಇಲ್ಲದಿರುವ ಸಾಧ್ಯತೆ ಶೇಕಡಾ 12' ಎಂದಲ್ಲ. ಲೆಕ್ಕ ಶುರುವಾದದ್ದೇ ವ್ಯತ್ಯಾಸ ಇಲ್ಲ ಎಂದು ಹಿಡಿದುಕೊಂಡು. ಹಿಡಿದುಕೊಂಡದ್ದರ ಸಾಧ್ಯತೆಯನ್ನು ಅದೇ ಲೆಕ್ಕ ಹೇಳಲಾರದು. ಇದಕ್ಕಿಂತ ದೊಡ್ಡ ಅಪಾಯದ ಓದು ಇನ್ನೊಂದಿದೆ: 'ಟೆಸ್ಟ್ ಮಾಡಿದೆವು, ಎರಡು ಗುಂಪುಗಳಲ್ಲಿ ವ್ಯತ್ಯಾಸ ಇಲ್ಲ ಎಂದು ಬಂತು' ಎನ್ನುವುದು. ಹಾಗೆ ಬಂದಿಲ್ಲ. ಗೊತ್ತಾಗಲಿಲ್ಲ ಎಂದು ಬಂದಿದೆ.

ಗೊತ್ತಾಗಲಿಲ್ಲ ಎಂಬುದನ್ನು ಪಿ ಮೌಲ್ಯಕ್ಕಿಂತ ಚೆನ್ನಾಗಿ ತೋರಿಸುವುದು ಅಂತರದ ವ್ಯಾಪ್ತಿ. ಸ್ಟ್ಯಾಂಡರ್ಡ್ ಎರರ್‌ನ ಸುಮಾರು ಎರಡು ಪಟ್ಟನ್ನು ಅಂತರದ ಆಚೆಗೂ ಈಚೆಗೂ ಇಡಬೇಕು. ನಮ್ಮಂಥ ಸಣ್ಣ ಗುಂಪಿಗೆ ತುಸು ಹೆಚ್ಚು, 2.13 ಪಟ್ಟು. 0.61ನ್ನು 2.13ರಿಂದ ಗುಣಿಸಿದರೆ 1.3. ಒಂದು ಅಂಕಕ್ಕೆ 1.3 ಕೂಡಿಸಿ, ಕಳೆದು ನೋಡಿ: −0.3ರಿಂದ 2.3. ಅಕ್ಕನಿಗೆ ಹೇಳಬೇಕಾದದ್ದು ಇದನ್ನೇ, ಹೀಗೆ: "ಪಾರ್ಸೆಲ್‌ನವರು ಒಂದು ಅಂಕ ಕಡಿಮೆ ಕೊಟ್ಟಿದ್ದಾರೆ. ಆದರೆ ಕೇಳಿದ್ದು 22 ಜನರನ್ನು ಮಾತ್ರ. ನಿಜವಾದ ಅಂತರ ಎರಡು ಅಂಕಕ್ಕೂ ಮಿಕ್ಕಿ ಇರಬಹುದು, ಇಲ್ಲದೆಯೂ ಇರಬಹುದು, ಪಾರ್ಸೆಲ್‌ನವರೇ ಕೂದಲೆಳೆ ಮುಂದಿದ್ದರೂ ಆಶ್ಚರ್ಯವಿಲ್ಲ. ಇಷ್ಟರಿಂದ ತೀರ್ಮಾನ ಮಾಡಬೇಡ." ಇದರಲ್ಲಿ ಪಿ ಇಲ್ಲ, ಟಿ ಇಲ್ಲ. ಕೇಳಿದವಳಿಗೆ ಅರ್ಥವಾಗದ್ದೂ ಏನಿಲ್ಲ.

ಅವಳ ಮರುಪ್ರಶ್ನೆ ಏನಿರುತ್ತದೆ ಎಂದು ಊಹಿಸಬಹುದು. "ಹಂಗಾರೆ ಮಾಸ್ತರ್ರೆ, ನಾಳೆ ಮತ್ತೆ ಹತ್ತು ಜನರನ್ನ ಕೇಳಿ ಇದಕ್ಕೇ ಸೇರಿಸಿ ನೋಡೂದು, ಆಗದಿದ್ರೆ ನಾಡಿದ್ದು ಇನ್ನೊಂದು ಹತ್ತು. ಯಾವಾಗಾದ್ರೂ ಆ ಗೆರೆ ದಾಟೂದಲ್ವಾ?" ದಾಟುತ್ತದೆ, ತೊಂದರೆಯೂ ಅದೇ. ವ್ಯತ್ಯಾಸವೇ ಇಲ್ಲದ ಎರಡು ಗುಂಪುಗಳಿದ್ದರೂ, ಜನರನ್ನು ಸೇರಿಸುತ್ತ ಹೋಗಿ ಐದು ಸಲ ಇಣುಕಿ ನೋಡಿದರೆ, ಒಮ್ಮೆಯಾದರೂ ಗೆರೆ ದಾಟುವ ಸಾಧ್ಯತೆ 100ಕ್ಕೆ 5 ಇದ್ದದ್ದು 14ರ ಹತ್ತಿರ ಏರುತ್ತದೆ. ನಮಗೆ ಬೇಕಾದ ಉತ್ತರ ಬಂದ ಕೂಡಲೇ ನಿಲ್ಲಿಸುತ್ತೇವಾದ್ದರಿಂದ ಅದೃಷ್ಟದಾಟವನ್ನೇ ಹುಡುಕಿ ಹಿಡಿದಂತೆ. ಆದ್ದರಿಂದ ಎಷ್ಟು ಜನರನ್ನು ಕೇಳುವುದು ಎಂದು ಮೊದಲೇ ಗೊತ್ತುಮಾಡಿ, ಅಷ್ಟು ಮುಗಿದ ಮೇಲೆ ಒಮ್ಮೆ ಮಾತ್ರ ಲೆಕ್ಕ ನೋಡಬೇಕು. ಮೊದಲ 22 ಅಂಕಿಗಳನ್ನು ಪ್ರಯೋಗದ ಸುತ್ತು ಎಂದು ಬದಿಗಿಡಬೇಕು.

ಎಷ್ಟು ಜನ ಎಂದು ತಿಳಿಯಲು ಅಕ್ಕ ಒಂದು ಪ್ರಶ್ನೆಗೆ ಉತ್ತರಿಸಬೇಕು, ಇದನ್ನು ಸಂಖ್ಯಾಶಾಸ್ತ್ರ ಹೇಳಿಕೊಡದು: ಎಷ್ಟು ಅಂತರ ಇದ್ದರೆ ಡಬ್ಬ ಬದಲಿಸುವ ಖರ್ಚಿಗೆ ಕೈ ಹಾಕುತ್ತೀ? ಮುಕ್ಕಾಲು ಅಂಕ ಎಂದಳು ಅನ್ನೋಣ. ಒಂದು ಅಂದಾಜು ಸೂತ್ರ ಇದೆ. ಎರಡು ಗುಂಪುಗಳ ವೇರಿಯನ್ಸ್‌ನ ಸರಾಸರಿಯನ್ನು 16ರಿಂದ ಗುಣಿಸಿ, ಹಿಡಿಯಬೇಕಾದ ಅಂತರದ ವರ್ಗದಿಂದ ಭಾಗಿಸಿದರೆ ಪ್ರತಿ ಗುಂಪಿಗೆ ಬೇಕಾದ ಜನ ಸಿಗುತ್ತಾರೆ:

```
16 × 1.97 / (0.75 × 0.75) ≈ 56
```

ಗುಂಪಿಗೆ 56 ಜನ. ಅಷ್ಟು ಜನರನ್ನು ಕೇಳಿದರೆ, ನಿಜಕ್ಕೂ ಮುಕ್ಕಾಲು ಅಂಕದ ಅಂತರ ಇದ್ದ ಪಕ್ಷದಲ್ಲಿ ಅದು ಕಣ್ಣಿಗೆ ಬೀಳುವ ಸಾಧ್ಯತೆ 100ಕ್ಕೆ 80ರಷ್ಟು. ಪೂರ್ತಿ ಒಂದು ಅಂಕದ ಅಂತರ ಹಿಡಿದರೆ ಸಾಕು ಎಂದಿದ್ದರೆ 32 ಜನ ಸಾಕಿತ್ತು. ಅರ್ಧ ಅಂಕವನ್ನೂ ಬಿಡಬಾರದು ಎಂದರೆ 126 ಜನ ಬೇಕು. ಹಿಡಿಯಬೇಕಾದದ್ದು ಅರ್ಧಕ್ಕಿಳಿದರೆ ಜನ ನಾಲ್ಕು ಪಟ್ಟು ಬೇಕು. ಮೊದಲ ದಿನದ 22 ಜನರಿಂದ ಏಕೆ ಏನೂ ಗೊತ್ತಾಗಲಿಲ್ಲ ಎಂಬುದಕ್ಕೂ ಇದೇ ಉತ್ತರ.

ಲೆಕ್ಕಕ್ಕಿಂತ ಹೆಚ್ಚು ಎಚ್ಚರ ಬೇಕಾದದ್ದು ಕೇಳುವ ಕ್ರಮದಲ್ಲಿ. ಟಿ-ಟೆಸ್ಟ್ ಒಂದೊಂದು ಅಂಕವನ್ನೂ ಸ್ವತಂತ್ರ ಸಾಕ್ಷಿ ಎಂದು ನಂಬುತ್ತದೆ. ಅಂಕೋಲೆಯಿಂದ ಬಂದ ಆರು ಜನರ ಕುಟುಂಬ ಒಂದೇ ಮೇಜಿನಲ್ಲಿ ಕೂತು, ಹಿರಿಯರು 9 ಎಂದ ಕೂಡಲೇ ಎಲ್ಲರೂ 9 ಎಂದರೆ ಅದು ಆರು ಸಾಕ್ಷಿಯಲ್ಲ, ಹೆಚ್ಚುಕಡಿಮೆ ಒಂದೇ. ಆದರೆ ಸೂತ್ರ ಆರು ಎಂದೇ ಎಣಿಸುತ್ತದೆ, ಸ್ಟ್ಯಾಂಡರ್ಡ್ ಎರರ್ ಸುಳ್ಳೇ ಕುಗ್ಗುತ್ತದೆ. ಮೇಜಿಗೆ ಒಬ್ಬರನ್ನು, ಪಾರ್ಸೆಲ್ ಚೀಲಕ್ಕೆ ಒಬ್ಬರನ್ನು ಕೇಳಿದರೆ ಈ ತೊಂದರೆ ಇಲ್ಲ. ಒಬ್ಬನೇ ಗಿರಾಕಿ ಸೋಮವಾರ ಕೂತು ಉಂಡು ಗುರುವಾರ ಪಾರ್ಸೆಲ್ ಒಯ್ದು ಎರಡಕ್ಕೂ ಅಂಕ ಕೊಟ್ಟರೆ ಅದು ಬೇರೆಯೇ ಲೆಕ್ಕ, ಜೋಡಿ ಟಿ-ಟೆಸ್ಟ್. ಮೇಲಿನ ಸಾಲಿನಲ್ಲಿ ಕೊನೆಗೆ 3ರ ಬದಲು 1 ಹಾಕಬೇಕು, ಎಲ್ಲರೂ ಹಾಗೆ ಎರಡೂ ಅಂಕ ಕೊಟ್ಟವರೇ ಆಗಿರಬೇಕು.

ಕಾಲವನ್ನೂ ಮರೆಯುವಂತಿಲ್ಲ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಕೂತು ಉಂಡವರನ್ನು ಮೇ ತಿಂಗಳಲ್ಲಿ ಕೇಳಿ, ಪಾರ್ಸೆಲ್‌ನವರನ್ನು ಜೂನ್‌ನಲ್ಲಿ ಕೇಳಿದರೆ ನೀವು ಅಳೆದದ್ದು ಡಬ್ಬವನ್ನಲ್ಲ, ತಾಜಾ ಮೀನಿಗೂ ಐಸ್‌ನಲ್ಲಿಟ್ಟ ಮೀನಿಗೂ ಇರುವ ವ್ಯತ್ಯಾಸವನ್ನು. ಟೆಸ್ಟ್‌ಗೆ ಇದು ತಿಳಿಯದು, ಅದು ಅಂತರ ಇದೆ ಎಂದಷ್ಟೇ ಸಾರುತ್ತದೆ. ಎರಡೂ ಗುಂಪನ್ನು ಅವೇ ದಿನಗಳಲ್ಲಿ, ಅದೇ ಮಧ್ಯಾಹ್ನದ ಹೊತ್ತಿನ ಊಟಕ್ಕೆ ಕೇಳಬೇಕು. ಇನ್ನೂ ಒಂದಿದೆ. ಕೂತು ಉಂಡವನನ್ನು ಅಕ್ಕ ಎದುರೆದುರೇ ಕೇಳುತ್ತಾಳೆ, ಮುಖ ನೋಡಿ 5 ಎನ್ನಲು ಯಾರಿಗೂ ಮನಸ್ಸು ಬಾರದು. ಪಾರ್ಸೆಲ್‌ನವನು ಮನೆಯಲ್ಲಿ ಕೂತು ವಾಟ್ಸಾಪ್‌ನಲ್ಲಿ ಕಳಿಸುತ್ತಾನೆ, ಕಳಿಸುವವರಲ್ಲಿ ಸಿಟ್ಟಾದವರೇ ಹೆಚ್ಚಿರಬಹುದು. ಹಾಗಾಗಿ ಇಬ್ಬರಿಗೂ ವಾಟ್ಸಾಪ್‌ನಲ್ಲೇ, ಊಟವಾಗಿ ಒಂದು ತಾಸಿನ ಮೇಲೆ, ಅದೇ ಮಾತಿನಲ್ಲಿ ಕೇಳುವುದು ಒಳ್ಳೆಯದು. ಎಷ್ಟು ಜನಕ್ಕೆ ಕಳಿಸಿದ್ದು, ಎಷ್ಟು ಜನ ಉತ್ತರಿಸಿದ್ದು ಎಂದೂ ಬರೆದಿಡಬೇಕು. ಒಂದು ಗುಂಪಿನಲ್ಲಿ ಹತ್ತಕ್ಕೆ ಎಂಟು ಜನ, ಇನ್ನೊಂದರಲ್ಲಿ ಹತ್ತಕ್ಕೆ ಇಬ್ಬರು ಉತ್ತರಿಸಿದ್ದರೆ ಮುಂದಿನ ಲೆಕ್ಕಕ್ಕೆ ಅರ್ಥವಿಲ್ಲ.

ಹೀಗೆಲ್ಲ ಮಾಡಿ ಎರಡನೇ ಸುತ್ತಿನಲ್ಲಿ ಗುಂಪಿಗೆ 56 ಜನ ಸಿಕ್ಕರು, ಕೂತು ಉಂಡವರ ಸರಾಸರಿ 7.9, ಪಾರ್ಸೆಲ್‌ನವರದು 7.2 ಬಂತು ಎಂದಿಟ್ಟುಕೊಳ್ಳಿ. ವೇರಿಯನ್ಸ್ 1.44 ಮತ್ತು 2.89. ಅಂತರ ಮೊದಲಿಗಿಂತ ಸಣ್ಣದು, 0.7 ಮಾತ್ರ. ಆದರೆ ಸ್ಟ್ಯಾಂಡರ್ಡ್ ಎರರ್ 0.28ಕ್ಕೆ ಇಳಿದಿದೆ. ಟಿ 2.5 ಆಯಿತು, ಪಿ ಸುಮಾರು 0.013, ಅಂತರದ ವ್ಯಾಪ್ತಿ 0.15ರಿಂದ 1.25. ದೊಡ್ಡ ಅಂತರವನ್ನು ನಂಬಲಾಗಲಿಲ್ಲ, ಸಣ್ಣದನ್ನು ನಂಬಬಹುದಾಯಿತು. ಅಂತರದ ಗಾತ್ರವೇ ಬೇರೆ, ಅದರ ಮೇಲಿನ ಭರವಸೆಯೇ ಬೇರೆ.

ಇದನ್ನು ಬರೆಯುವಾಗ ಹಲವರು 'ಪಿ 0.05ಕ್ಕಿಂತ ಕಡಿಮೆ, ವ್ಯತ್ಯಾಸ ಸಾಬೀತಾಗಿದೆ' ಎಂದು ಮುಗಿಸುತ್ತಾರೆ. ಓದಿದವನಿಗೆ ಎಷ್ಟು ವ್ಯತ್ಯಾಸ ಎಂದೇ ತಿಳಿಯುವುದಿಲ್ಲ. ಇನ್ನು ಕೆಲವರು 'ಡಬ್ಬದಿಂದಾಗಿ ತೃಪ್ತಿ ಕಡಿಮೆಯಾಗಿದೆ' ಎನ್ನುತ್ತಾರೆ. ಅದನ್ನು ಯಾರೂ ಪರೀಕ್ಷಿಸಿಯೇ ಇಲ್ಲ. ನಾನಾದರೆ ಹೀಗೆ ಬರೆಯುತ್ತೇನೆ:

"ಒಂದೇ ದಿನಗಳಲ್ಲಿ ಊಟ ಮಾಡಿದ 112 ಗಿರಾಕಿಗಳನ್ನು ಕೇಳಿದೆವು. ಕೂತು ಉಂಡವರು ಹತ್ತಕ್ಕೆ ಸರಾಸರಿ 7.9, ಪಾರ್ಸೆಲ್ ಒಯ್ದವರು 7.2 ಕೊಟ್ಟರು. ಪಾರ್ಸೆಲ್‌ನವರ ತೃಪ್ತಿ ಕಡಿಮೆ ಎನ್ನಲು ಸಾಕಷ್ಟು ಆಧಾರ ಇದೆ. ಆದರೆ ಎಷ್ಟು ಕಡಿಮೆ ಎಂಬುದು ಇನ್ನೂ ಸ್ಪಷ್ಟವಿಲ್ಲ: ಗಮನಕ್ಕೇ ಬಾರದಷ್ಟು ಸಣ್ಣದಿರಬಹುದು, ಒಂದೂಕಾಲು ಅಂಕದಷ್ಟು ದೊಡ್ಡದೂ ಇರಬಹುದು. ಕಾರಣ ಏನೆಂದು ಈ ಸಮೀಕ್ಷೆಯಿಂದ ತಿಳಿಯುವುದಿಲ್ಲ. ಪಾರ್ಸೆಲ್‌ನವರ ಅಭಿಪ್ರಾಯಗಳು ಒಬ್ಬರಿಂದೊಬ್ಬರಿಗೆ ಹೆಚ್ಚು ಬೇರೆಯಾಗಿವೆ."

ಕೊನೆಯ ವಾಕ್ಯವನ್ನು ಬೇಕೆಂದೇ ಸೇರಿಸಿದೆ. ಟಿ-ಟೆಸ್ಟ್ ಸರಾಸರಿಯ ಬಗ್ಗೆ ಮಾತ್ರ ಮಾತಾಡುತ್ತದೆ, ಆದರೆ ಎರಡೂ ಸುತ್ತಿನಲ್ಲಿ ಪಾರ್ಸೆಲ್‌ನವರ ವೇರಿಯನ್ಸ್ ದುಪ್ಪಟ್ಟು ಇತ್ತು. ಎಲ್ಲ ಪಾರ್ಸೆಲ್ಲೂ ಸ್ವಲ್ಪ ಸ್ವಲ್ಪ ಕೆಟ್ಟಿದ್ದರೆ ಅಂಕಗಳು ಒಟ್ಟಾಗಿ ಕೆಳಗಿಳಿಯುತ್ತಿದ್ದವು, ಇಷ್ಟು ಹರಡುತ್ತಿರಲಿಲ್ಲ. ಕೆಲವರ ಊಟ ಚೆನ್ನಾಗಿಯೇ ಇದ್ದು, ಕೆಲವರದು ಪೂರಾ ಕೆಟ್ಟಿರುವಂತೆ ಕಾಣುತ್ತದೆ. 4, 5 ಕೊಟ್ಟವರು ಯಾರು, ಎಷ್ಟು ಹೊತ್ತಿನ ಮೇಲೆ ಡಬ್ಬ ಬಿಚ್ಚಿದರು ಎಂದು ಅಕ್ಕ ಫೋನ್ ಮಾಡಿ ಕೇಳಿದರೆ ಸರಾಸರಿಗಳಿಗಿಂತ ಹೆಚ್ಚು ತಿಳಿದೀತು.

ಡಬ್ಬದ್ದೇ ತಪ್ಪು ಎಂದು ತಿಳಿಯಬೇಕಿದ್ದರೆ ಬೇರೆ ಪರೀಕ್ಷೆ ಬೇಕು. ಕೂತು ಉಣ್ಣುವವರೂ ಪಾರ್ಸೆಲ್‌ನವರೂ ಮೂಲದಲ್ಲೇ ಬೇರೆ ಬೇರೆ ಜನ: ಒಬ್ಬರು ರಜೆಯಲ್ಲಿ ಬಂದ ಪ್ರವಾಸಿಗರು, ಇನ್ನೊಬ್ಬರು ಹಸಿದು ಅವಸರದಲ್ಲಿರುವ ಕಚೇರಿಯವರು. ಇವರನ್ನು ಹೋಲಿಸಿ ಡಬ್ಬದ ಗುಣ ಹೇಳಲಾಗದು. ಪಾರ್ಸೆಲ್‌ನವರಿಗಷ್ಟೇ, ಪ್ರತಿ ಆರ್ಡರ್ ಬಂದಾಗ ನಾಣ್ಯ ಚಿಮ್ಮಿ, ಒಂದು ಮುಖ ಬಿದ್ದರೆ ಈಗಿನ ಡಬ್ಬ, ಇನ್ನೊಂದು ಬಿದ್ದರೆ ಮುಚ್ಚಳಕ್ಕೆ ತೂತು ಹೊಡೆದು ಹುರಿದ ಮೀನನ್ನು ಬೇರೆ ಕಾಗದದಲ್ಲಿ ಸುತ್ತಿದ್ದು, ಹೀಗೆ ಕೊಡಬೇಕು. ಯಾರಿಗೆ ಯಾವುದು ಎಂಬುದನ್ನು ನಾಣ್ಯವೇ ತೀರ್ಮಾನಿಸಿದ್ದರಿಂದ ಎರಡೂ ಕಡೆ ಒಂದೇ ತೆರನ ಜನ ಇರುತ್ತಾರೆ. ಆಮೇಲೆ ಅದೇ ಟಿ-ಟೆಸ್ಟ್, ಸ್ಪ್ರೆಡ್‌ಶೀಟ್‌ನ ಅದೇ ಸಾಲು. ಈ ಸಲ ಅಂತರ ಬಂದರೆ ಡಬ್ಬದ ಹೆಸರು ಹೇಳಬಹುದು. ಹರವು ಹೆಚ್ಚಿರುವ ಗುಂಪು ಇದು, ವೇರಿಯನ್ಸ್ 2.89. ಹಾಗಾಗಿ 16ರ ಸೂತ್ರ ಈ ಬಾರಿ ಕೇಳುವುದು 56 ಜನರನ್ನಲ್ಲ, ಡಬ್ಬಕ್ಕೆ 83 ಜನರನ್ನು. ಮಳೆಗಾಲ ಹಿಡಿಯುವ ಮೊದಲೇ ಶುರುಮಾಡಿ ಮುಗಿಸುವುದು ಒಳ್ಳೆಯದು.